ಆರ್ಡರ್ ನೂರು, ಉಳಿದದ್ದು ನೂರೆಂಬತ್ತು

ಡ್ರಾಪ್‌ಶಿಪ್ಪಿಂಗ್ ಎಂದರೆ ಸರಕು ಇಟ್ಟುಕೊಳ್ಳದೆ ನಡೆಸುವ ಆನ್‌ಲೈನ್ ಅಂಗಡಿ. ವೆಬ್‌ಸೈಟ್, ಜಾಹೀರಾತು ನಿಮ್ಮದು. ಆರ್ಡರ್ ಬಿದ್ದ ಮೇಲೆ ಸೂರತ್ತಿನಲ್ಲೋ ದೆಹಲಿಯಲ್ಲೋ ಇರುವ ಸಪ್ಲೈಯರ್ ತನ್ನ ಗೋದಾಮಿನಿಂದಲೇ ಗ್ರಾಹಕರ ಮನೆಗೆ ಕಳಿಸುತ್ತಾನೆ. ಬಂಡವಾಳವೇ ಬೇಡ ಎಂದು ಯೂಟ್ಯೂಬಿನಲ್ಲಿ ಹೇಳುವವರು ಬೇಕಾದಷ್ಟು ಜನ. ಅವರಲ್ಲಿ ಕೆಲವರಿಗೆ ಅಂಗಡಿಗಿಂತ ಕೋರ್ಸ್ ಮಾರಾಟವೇ ಲಾಭ.

ಒಂದು ಊಹೆಯ ಲೆಕ್ಕ ನೋಡೋಣ. ಕುರ್ತಾ ಸೆಟ್ಟಿಗೆ ನೀವಿಟ್ಟ ಬೆಲೆ 799 ರೂಪಾಯಿ. ಸಪ್ಲೈಯರ್‌ಗೆ 300, ಕೊರಿಯರ್‌ಗೆ 80, ಒಂದು ಆರ್ಡರ್ ತರಲು ಜಾಹೀರಾತಿಗೆ 200. ಕೈಗೆ 219 ಉಳಿಯಬೇಕು, ನೂರು ಆರ್ಡರ್‌ಗೆ 21,900.

ಆದರೆ ನಮ್ಮಲ್ಲಿ ಬಹಳ ಮಂದಿ ಕೊಳ್ಳುವುದು ಕ್ಯಾಶ್ ಆನ್ ಡೆಲಿವರಿಯಲ್ಲಿ. ಕಾಸು ಕೊಟ್ಟಿಲ್ಲವಾದ್ದರಿಂದ ಬೇಡವೆನ್ನಲು ಅಡ್ಡಿಯಿಲ್ಲ. ಇಲ್ಲೇ ಸಪ್ಲೈಯರ್‌ನ ವಿಳಂಬ ಕೆಲಸ ಕೆಡಿಸುತ್ತದೆ. ಮಾಲು ಖಾಲಿಯಾಗಿದ್ದರೂ ಆತ ಲೇಬಲ್ ಮಾತ್ರ ಮುದ್ರಿಸಿ ‘ಕಳಿಸಿದ್ದೇನೆ’ ಎನ್ನಬಹುದು. ಟ್ರ್ಯಾಕಿಂಗ್ ನಂಬರ್ ಹುಟ್ಟಿ ಎರಡು ದಿನವಾದರೂ ಕೊರಿಯರ್‌ನವರು ಒಮ್ಮೆಯೂ ಸ್ಕ್ಯಾನ್ ಮಾಡಿಲ್ಲವೆಂದರೆ ಪೊಟ್ಟಣ ಗೋದಾಮು ಬಿಟ್ಟಿಲ್ಲವೆಂದೇ ಅನುಮಾನಿಸಿ. ಹತ್ತನೆಯ ದಿನ ಅದು ಬಾಗಿಲಿಗೆ ಬರುವಷ್ಟರಲ್ಲಿ ಗ್ರಾಹಕರು ಬೇರೆಲ್ಲೋ ಕೊಂಡಿರುತ್ತಾರೆ.

ನೂರರಲ್ಲಿ 25 ಹೀಗೆ ವಾಪಸಾದವು ಎನ್ನಿ. ಬಂದ ಹಣ 59,925. ತಲುಪಿದ 75 ಸೆಟ್ಟಿನ ಅಸಲು 22,500. ಜಾಹೀರಾತು ಮತ್ತು ಕೊರಿಯರ್ ಖರ್ಚು ಮಾತ್ರ ನೂರಕ್ಕೂ ಬೀಳುತ್ತದೆ: 28,000. ವಾಪಸ್ ಸಾಗಣೆ ತಲಾ 70ರಂತೆ 1,750. ಉಳಿಯಿತು 7,675.

ಇನ್ನು ರಿಫಂಡ್. ತೆಗೆದುಕೊಂಡವರಲ್ಲಿ ಐವರಿಗೆ ಬಣ್ಣವೋ ಅಳತೆಯೋ ಜಾಹೀರಾತಿನಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ವರ್ಣಿಸಿದಂತಿರದ ಮಾಲಿಗೆ ಮಾರಾಟಗಾರ ಹಣ ಮರಳಿಸಲೇಬೇಕು. ಹೇಳಿದ ದಿನ ಮೀರಿ ತಲುಪಿದರೂ ಅಷ್ಟೇ, ಕೈಮೀರಿದ ಆಪತ್ತು ಅಡ್ಡ ಬಂದಿದ್ದರೆ ಮಾತ್ರ ವಿನಾಯಿತಿ. ಗ್ರಾಹಕರ ಪಾಲಿಗೆ ಮಾರಾಟಗಾರ ನೀವೇ, ಸೂರತ್ತಿನವನಲ್ಲ. ನೀವು ಏಳು ದಿನದ ವಾಯಿದೆ ಕೊಟ್ಟಿದ್ದರೆ, ಆತ ಪೊಟ್ಟಣ ಬಿಚ್ಚುವ ವಿಡಿಯೋವನ್ನು ಎರಡೇ ದಿನದಲ್ಲಿ ಕೇಳುತ್ತಾನೆ. ಆ ಅಂತರದಲ್ಲಿ ಬಿದ್ದ ನಷ್ಟಕ್ಕೆ ನೀವೇ ವಾರಸುದಾರರು. ಐವರಿಗೆ 3,995, ಮನೆಯಿಂದ ಮಾಲು ತರಿಸಲು 500. ಮರಳಿದ 25ರಲ್ಲಿ ಹತ್ತನ್ನು ‘ಕವರ್ ಹರಿದಿದೆ’ ಎಂದು ಸಪ್ಲೈಯರ್ ತಿರಸ್ಕರಿಸಿದರೆ ಇನ್ನೊಂದು 3,000.

ಕೊನೆಗೆ ಸಿಕ್ಕಿದ್ದು 180 ರೂಪಾಯಿ. ಜಿಎಸ್‌ಟಿ, ವೆಬ್‌ಸೈಟ್ ಬಾಡಿಗೆ ಇನ್ನೂ ಕಳೆದಿಲ್ಲ.

ಇದರ ಮೇಲೆ ಹಣ ಬರುವ ಹೊತ್ತಿನ ತಾಪತ್ರಯ ಬೇರೆ. ಜಾಹೀರಾತಿನ ದುಡ್ಡು ಆಗಿಂದಾಗ್ಗೆ ಕಾರ್ಡಿನಿಂದ ಕಡಿತವಾಗುತ್ತದೆ. ಡೆಲಿವರಿ ಹಣ ಕೊರಿಯರ್ ಕಂಪನಿಯಿಂದ ನಿಮ್ಮ ಖಾತೆಗೆ ಬರಲು ಎಷ್ಟೋ ಸಲ ವಾರ ಹಿಡಿಯುತ್ತದೆ. ಮಾರಾಟ ಏರಿದಷ್ಟೂ ಕೈಯಿಂದ ಹಾಕುವ ಹಣವೂ ಏರುತ್ತದೆ. ಹೀಗಾಗಿ ಜಾಹೀರಾತು ಶುರುಮಾಡುವ ಮೊದಲು ಸಪ್ಲೈಯರ್‌ನಿಂದ ಬೇರೆ ಬೇರೆ ಊರಿನ ನೆಂಟರ ವಿಳಾಸಕ್ಕೆ ನಾಲ್ಕಾರು ಸೆಟ್ ತರಿಸಿ, ಅದರಲ್ಲಿ ಎರಡನ್ನು ಬೇಕೆಂದೇ ವಾಪಸ್ ಕಳಿಸಿ ನೋಡಬೇಕು.