ಸಂಜೆ ನಾಲ್ಕೂವರೆಯ ಖಾರಾ ಬನ್ನು, ಒಂದು ಹಾಳೆಯ ಲೆಕ್ಕ

ಮಾರ್ಕೆಟಿಂಗ್ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರ ಪೋರ್ಟ್‌ಫೋಲಿಯೊದಲ್ಲಿ ಬೇಕರಿಯ ಪ್ರಚಾರದ ಪುಟವೊಂದು ಇರುವುದು ಈಗ ಸಾಮಾನ್ಯ. ಹತ್ತಿರದ ಅಂಗಡಿ, ಪರಿಚಯದ ಮಾಲೀಕರು, ಕೈಗೆಟುಕುವ ಖರ್ಚು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಪುಟದ ಮುಕ್ಕಾಲು ಭಾಗವನ್ನು ಪೋಸ್ಟರ್ ಮತ್ತು ಫೋಟೊಗಳು ತುಂಬಿ, ಕೆಳಗೆ ‘ಮಾರಾಟದಲ್ಲಿ ಶೇ. 50 ಹೆಚ್ಚಳ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ, ಓದುವ ಮ್ಯಾನೇಜರ್ ಮೊದಲು ಕೇಳುವುದು ‘ಯಾವುದಕ್ಕೆ ಹೋಲಿಸಿದರೆ?’ ಎಂದು. ಉತ್ತರ ಆ ಒಂದು ಪುಟದಲ್ಲೇ ಇರಬೇಕು. ಅದನ್ನು ಹೇಗೆ ಕಟ್ಟುವುದು ಎಂದು ನೋಡಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದರ ಅಂಗಡಿಯೂ ಅಂಕಿಗಳೂ ಲೆಕ್ಕ ತೋರಿಸಲೆಂದು ನಾನೇ ಹೂಡಿಕೊಂಡವು.

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹತ್ತಿರ ಒಂದು ಅಯ್ಯಂಗಾರ್ ಬೇಕರಿ. ಬೆಳಗಿನ ವ್ಯಾಪಾರ ಚೆನ್ನಾಗಿದೆ, ಸಂಜೆ ಮಂಕು. ಖಾರಾ ಬನ್ನು ಬೆಳಿಗ್ಗೆ ಹನ್ನೊಂದಕ್ಕೆ ಒಲೆಯಿಂದ ಇಳಿಯುತ್ತದೆ. ಟ್ಯೂಷನ್ ಮುಗಿಸಿದ ಮಕ್ಕಳು, ಆಫೀಸು ಬಿಟ್ಟವರು ಬರುವ ಹೊತ್ತಿಗೆ ಅದು ಆರಿ ತಣ್ಣಗಾಗಿರುತ್ತದೆ. ಹಾಗಾಗಿ ಗುರಿಯನ್ನು ಹೀಗೆ ಬರೆದುಕೊಳ್ಳಲಾಯಿತು: ‘ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 4ರಿಂದ 7ರೊಳಗೆ ದಿನಕ್ಕೆ ಸರಾಸರಿ 70 ಖಾರಾ ಬನ್ನು ಹೋಗುತ್ತಿದೆ. ನಾಲ್ಕು ವಾರಗಳ ಪ್ರಚಾರದಲ್ಲಿ ಅದನ್ನು 100ಕ್ಕೆ ಏರಿಸಬೇಕು.’ ತಿಂಡಿ ಯಾವುದು, ಹೊತ್ತು ಯಾವುದು, ಎಲ್ಲಿಂದ ಎಲ್ಲಿಗೆ, ಎಷ್ಟು ದಿನದಲ್ಲಿ ಎಂಬುದೆಲ್ಲ ಎರಡು ವಾಕ್ಯದಲ್ಲಿ ಬಂತು. ‘ಬ್ರ್ಯಾಂಡ್ ಅರಿವು ಹೆಚ್ಚಿಸುವುದು’ ಎಂಬಂಥ ಗುರಿ ಬರೆದರೆ ಕೊನೆಗೆ ಅಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಈ 70 ಎಲ್ಲಿಂದ ಬಂತು ಎಂಬುದೇ ಇಡೀ ಪುಟದ ಅಡಿಪಾಯ. ಇಂಥ ಎಷ್ಟೋ ಅಂಗಡಿಗಳಲ್ಲಿ ಬಿಲ್ ಕೊಡುವ ಪದ್ಧತಿಯೇ ಇಲ್ಲ. ದುಡ್ಡು ಗಲ್ಲಾಪೆಟ್ಟಿಗೆಗೆ ಬೀಳುತ್ತದೆ, ಅಷ್ಟೇ. ಅಂಥಲ್ಲಿ ಟ್ರೇ ಎಣಿಸಬೇಕು. ಸಂಜೆ ನಾಲ್ಕಕ್ಕೆ ಗಾಜಿನ ಕಪಾಟಿನಲ್ಲಿ ಎಷ್ಟು ಬನ್ನಿದೆ, ಏಳರೊಳಗೆ ಒಳಗಿನಿಂದ ಎಷ್ಟು ಟ್ರೇ ಬಂತು, ಏಳಕ್ಕೆ ಎಷ್ಟು ಉಳಿಯಿತು ಎಂದು ಮೂರೇ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು. ಕೆಲಸದವರು ಚಹಾದ ಜೊತೆ ತಿಂದದ್ದನ್ನು, ಮುರಿದದ್ದನ್ನು ಕಳೆಯಬೇಕು. ಪ್ರಚಾರಕ್ಕೆ ಮುಂಚಿನ ನಾಲ್ಕು ವಾರ ಹೀಗೆ ಬರೆದಿಡಬೇಕು. ಆ ವಾರಗಳು ದಸರಾ ರಜೆಯಲ್ಲಿ ಬರಬಾರದು. ಆಗ ಟ್ಯೂಷನ್ ಮಕ್ಕಳೇ ಇರುವುದಿಲ್ಲ, ಆರಂಭದ ಅಂಕಿ ತಾನಾಗಿ ಕುಸಿದಿರುತ್ತದೆ. ಆಮೇಲೆ ಏನು ಮಾಡಿದರೂ ಏರಿಕೆ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಜೂನ್ ತಿಂಗಳು ಎಣಿಕೆಗೆ, ಜುಲೈ ಪ್ರಚಾರಕ್ಕೆ.

ಇನ್ನು ಮಾಡಿದ ಕೆಲಸ. ಮೊದಲನೆಯದು ಒಲೆಯ ಹೊತ್ತು ಬದಲಿಸಿದ್ದು: ಎರಡನೇ ಬ್ಯಾಚಿನ ಬನ್ನು ಸಂಜೆ ನಾಲ್ಕೂವರೆಗೆ ಬಿಸಿಬಿಸಿಯಾಗಿ ಕಪಾಟಿಗೆ ಬರುವಂತೆ ಹಿಟ್ಟು ಕಲಸುವ ಸಮಯವನ್ನೇ ಮುಂದೂಡಿದರು. ಎರಡನೆಯದು 10 ರೂಪಾಯಿ ರಿಯಾಯಿತಿಯ ಚೀಟಿ. 1,500 ಬಿಳಿ ಚೀಟಿಗಳನ್ನು ದಿನಪತ್ರಿಕೆಯೊಳಗೆ ಇಟ್ಟು ಹಂಚಿಸಿದರು. 500 ಹಳದಿ ಚೀಟಿಗಳನ್ನು ಟ್ಯೂಷನ್ ಕೇಂದ್ರದ ಬಾಗಿಲಲ್ಲೂ ಬಸ್ ನಿಲ್ದಾಣದಲ್ಲೂ ಕೈಗೆ ಕೊಟ್ಟರು. ಬಣ್ಣ ಬೇರೆ ಮಾಡಿದ್ದು ಯಾವ ಹಾದಿಯಿಂದ ಗಿರಾಕಿ ಬಂದರೆಂದು ತಿಳಿಯುವುದಕ್ಕೆ. ಮೂರನೆಯದು ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್.

ಈ ಮೂರನೆಯದರಲ್ಲಿ ತುಂಬ ಜನ ಎಡವುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ನಂಬರ್‌ವರೆಗೆ ಸೇರಿಸಬಹುದು. ಆದರೆ ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ, ಕಳಿಸಿದವರಿಗೂ ಅದು ಗೊತ್ತಾಗುವುದಿಲ್ಲ. 250 ಜನರ ಪಟ್ಟಿ ಇದ್ದಮಾತ್ರಕ್ಕೆ ‘250 ಜನರನ್ನು ತಲುಪಿದೆವು’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಸಂದೇಶದ ಮಾಹಿತಿ ತೆರೆದು ಎಷ್ಟು ಮಂದಿಗೆ ತಲುಪಿದೆ ಎಂದು ನೋಡಿ ಆ ಸಂಖ್ಯೆಯನ್ನೇ ಹಾಕಬೇಕು.

ಜುಲೈ ಮುಗಿದಾಗ ಸಂಜೆಯ ಸರಾಸರಿ 105. ಗುರಿ ದಾಟಿತು, 70ಕ್ಕೆ ಹೋಲಿಸಿದರೆ ಸರಿಯಾಗಿ ಶೇ. 50 ಏರಿಕೆ. ಬಹುತೇಕ ಪುಟಗಳು ಇಲ್ಲಿಗೇ ನಿಲ್ಲುತ್ತವೆ. ನನ್ನ ದೃಷ್ಟಿಯಲ್ಲಿ ಕೆಲಸ ಗೊತ್ತಿರುವವರ ಪುಟ ಶುರುವಾಗುವುದೇ ಇಲ್ಲಿಂದ. ಜುಲೈ ಎಂದರೆ ಮಳೆ, ಜೊತೆಗೆ ಟ್ಯೂಷನ್ ತುಂಬುವ ಕಾಲ. ಪ್ರಚಾರ ಮಾಡದಿದ್ದರೂ ವ್ಯಾಪಾರ ಒಂದಿಷ್ಟು ಏರುತ್ತಿತ್ತಲ್ಲ, ಎಷ್ಟು? ಅದನ್ನು ತಿಳಿಯಲು ಪ್ರಚಾರ ಮುಟ್ಟದ ತಿನಿಸನ್ನು ನೋಡಬೇಕು. ಅದೇ ಅಂಗಡಿಯಲ್ಲಿ ಅದೇ ಹೊತ್ತಿನಲ್ಲಿ ಬ್ರೆಡ್ ಮತ್ತು ರಸ್ಕಿನ ಮಾರಾಟ ಶೇ. 10 ಏರಿದೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ ಖಾರಾ ಬನ್ನೂ ತಾನಾಗಿ 77ಕ್ಕೆ ಹೋಗುತ್ತಿತ್ತು ಎನ್ನುವುದು ನ್ಯಾಯವಾದ ಊಹೆ. ಪ್ರಚಾರದ ಪಾಲಿಗೆ ಉಳಿಯುವುದು ದಿನಕ್ಕೆ 28 ಬನ್ನು, ಅಂದರೆ ಸುಮಾರು ಶೇ. 36.

ಈಗ ದುಡ್ಡಿನ ಮಾತು. ಬನ್ನಿಗೆ ಬೆಲೆ 20 ರೂಪಾಯಿ, ಮಾಡುವ ಖರ್ಚು 11, ಉಳಿಯುವುದು 9. ದಿನಕ್ಕೆ 28ರಂತೆ 20 ದಿನಕ್ಕೆ 560 ಬನ್ನು, 5,040 ರೂಪಾಯಿ. ಇದರಲ್ಲಿ ಚೀಟಿಯ ಮುದ್ರಣಕ್ಕೆ 1,600, ಪತ್ರಿಕೆಯಲ್ಲಿ ಇಡಿಸಿದ್ದಕ್ಕೆ 900, ವಾಪಸ್ ಬಂದ 90 ಚೀಟಿಗಳ ರಿಯಾಯಿತಿ 900, ಒಟ್ಟು 3,400 ಕಳೆದರೆ ಕೈಗೆ 1,640 ರೂಪಾಯಿ. ಪುಟದಲ್ಲಿ ಇದೇ ಅಂಕಿ ಇರಲಿ. ಚಿಕ್ಕದಾಯಿತೆಂದು ಹಿಂಜರಿಯಬೇಕಿಲ್ಲ. ಅಂಗಡಿ ನಡೆಸಿದವರಿಗೆ ಶೇ. 50ರ ಘೋಷಣೆಗಿಂತ, ಕಳೆಯಬೇಕಾದ್ದನ್ನೆಲ್ಲ ಕಳೆದು ಉಳಿದ 1,640 ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಪಾಠದ ಭಾಗಕ್ಕೆ ಚೀಟಿಗಳೇ ಸಾಮಗ್ರಿ ಕೊಡುತ್ತವೆ. ಬಿಳಿ ಚೀಟಿ 1,500ರಲ್ಲಿ ವಾಪಸ್ ಬಂದದ್ದು 22. ಮುದ್ರಣ, ಹಂಚಿಕೆ ಸೇರಿ ಒಂದೊಂದಕ್ಕೆ ಸುಮಾರು 95 ರೂಪಾಯಿ ಬಿತ್ತು. ಹಳದಿ 500ರಲ್ಲಿ ಬಂದದ್ದು 68, ಒಂದಕ್ಕೆ ಸುಮಾರು 6 ರೂಪಾಯಿ. ಪತ್ರಿಕೆ ಬೆಳಿಗ್ಗೆ ಮನೆಗೆ ಬರುತ್ತದೆ, ಬನ್ನು ಸಂಜೆ ಬೇಕಾಗುತ್ತದೆ. ನಡುವೆ ಚೀಟಿ ರದ್ದಿಗೆ ಸೇರುತ್ತದೆ. ಆದರೆ ಈ ಲೆಕ್ಕದ ಮಿತಿಯನ್ನೂ ಪಕ್ಕದಲ್ಲೇ ಹೇಳಬೇಕು. ಪತ್ರಿಕೆಯಲ್ಲಿ ನೋಡಿ ಬಂದು ಚೀಟಿ ತರಲು ಮರೆತವರು ಇದರಲ್ಲಿ ಸಿಗುವುದಿಲ್ಲ. ಹಳದಿ ಚೀಟಿ ತಂದವರಲ್ಲಿ ಹೇಗಿದ್ದರೂ ಬರುತ್ತಿದ್ದವರೂ ಇರಬಹುದು.

ಪುಟ ಬೇರೆಯವರ ಕೈಗೆ ಹೋಗುವ ಮೊದಲು ಮಾಲೀಕರ ಒಪ್ಪಿಗೆ ಬೇಕೇ ಬೇಕು. ‘ನಮ್ಮ ಲಾಭ ಊರಿಗೆಲ್ಲ ಯಾಕಪ್ಪಾ?’ ಎಂದು ಅವರು ಕೇಳಿದರೆ ಅದು ಅವರ ಹಕ್ಕು. ಆಗ ರೂಪಾಯಿ ಬಿಟ್ಟು, ಜೂನ್ ತಿಂಗಳ ಮಾರಾಟವನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸಬಹುದು. ಒಲೆಯ ಹೊತ್ತು ಬದಲಿಸುವ ಉಪಾಯ ಭಟ್ಟರದ್ದಾಗಿದ್ದರೆ ಅದನ್ನೂ ಬರೆಯಬೇಕು. ಅಂಗಡಿಯೇ ಇಲ್ಲದೆ ಕಲಿಕೆಗಾಗಿ ಕಟ್ಟಿದ ಪುಟವಾದರೆ, ಮೇಲ್ಗಡೆಯೇ ‘ಅಭ್ಯಾಸ’ ಎಂದು ಕಾಣುವಂತೆ ಹಾಕಬೇಕು.

ಕೊನೆಯದಾಗಿ ಇನ್ನೊಂದು ಅಂಕಿ ಬೇಕು, ಅದಕ್ಕಾಗಿ ಎರಡು ವಾರ ಕಾಯಬೇಕು. ಚೀಟಿಯನ್ನೂ ಸಂದೇಶವನ್ನೂ ನಿಲ್ಲಿಸಿ, ನಾಲ್ಕೂವರೆಯ ಬಿಸಿ ಬನ್ನನ್ನು ಮಾತ್ರ ಮುಂದುವರಿಸಿ ಮತ್ತೆ ಟ್ರೇ ಎಣಿಸುವುದು. ಸರಾಸರಿ 92 ಬಂತೆನ್ನಿ. ಅಂದರೆ ದಿನಕ್ಕೆ ಹೆಚ್ಚಾದ 28ರಲ್ಲಿ 15 ರಿಯಾಯಿತಿ ಇಲ್ಲದೆಯೂ ಉಳಿದಿದೆ, ಮುಂದಿನ ತಿಂಗಳು ಅದಕ್ಕೆ ಪ್ರಚಾರದ ಖರ್ಚೂ ಇಲ್ಲ. ಹಾಗಾದರೆ ಪುಟದ ತಲೆಬರಹದಲ್ಲಿ ಚೀಟಿಯ ಬದಲು ಒಲೆಯ ಹೊತ್ತು ಬರಬೇಕು.