ಒಂದು ಮೀಟರ್ ವೈರಿನ ತೂಕ

ಮನೆ ವೈರಿಂಗ್ ಗುತ್ತಿಗೆದಾರರಿಗೆ ಬರುವ ನಕಲಿ ವೈರಿನ ಡಬ್ಬಿಯಲ್ಲಿ ಐಎಸ್‌ಐ ಗುರುತೂ ಇರುತ್ತದೆ, ಅದರ ಜೊತೆ ಸಿಎಂ/ಎಲ್ ಲೈಸೆನ್ಸ್ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು BIS Care ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಹೆಸರು ಹೊಂದದಿದ್ದರೆ ಅಲ್ಲೇ ಕೈಬಿಡಿ. ಹೊಂದಿದರೂ ನಿಶ್ಚಿಂತೆಯಿಲ್ಲ, ಅಸಲಿ ಡಬ್ಬಿಯ ಸಂಖ್ಯೆಯನ್ನೇ ನಕಲಿಯವರು ಅಚ್ಚು ಹಾಕಿಸಿರಬಹುದು.

ಆಗ ವೈರನ್ನೇ ಕೇಳಬೇಕು. 1.5 ಚದರ ಮಿಲಿಮೀಟರ್ ವೈರಿನ ಒಂದು ಮೀಟರ್ ತುಂಡಿನ ಸಿಪ್ಪೆ ಸುಲಿದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. ಶುದ್ಧ ತಾಮ್ರವಾದರೆ ಸುಮಾರು 13 ಗ್ರಾಂ. ಎಂಟೋ ಒಂಬತ್ತೋ ಬಂದರೆ ಎಳೆಗಳನ್ನು ಸಣ್ಣ ಮಾಡಿದ್ದಾರೆ. ಐದರ ಆಸುಪಾಸು ಬಂದರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಇರಬಹುದು. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳುಪು ಕಾಣುತ್ತದೆ. ಇಂಥ ವೈರ್ ಗೀಸರ್ ಹಾಕಿದಾಗ ಬಿಸಿಯಾಗಿ, ಮೊದಲು ಸ್ವಿಚ್ಚಿನ ಸ್ಕ್ರೂ ಬಳಿ ಕರಕಲಾಗುತ್ತದೆ.

ಇಷ್ಟೆಲ್ಲ ಪಾಡು ಬೇಡವೆಂದರೆ ಕಂಪನಿಯ ಜಾಲತಾಣದಲ್ಲಿ ಹೆಸರಿರುವ ವಿತರಕರಿಂದಲೇ ಕೊಳ್ಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿ. ಬರೆಯಲು ಅಂಗಡಿಯವರು ಹಿಂಜರಿದರೆ ನಾನಂತೂ ರಿಯಾಯಿತಿ ಎಷ್ಟಿದ್ದರೂ ಆ ಸರಕು ಮುಟ್ಟುವುದಿಲ್ಲ.