ಲೋಹದೊಳಗೆ ಅಲೆ ಎಷ್ಟು ಆಳಕ್ಕೆ ಇಳಿಯುತ್ತದೆ?

ಬ್ಯಾಟರಿಯಿಂದ ನಡೆಯುವ ಸಣ್ಣದೊಂದು ಟ್ರಾನ್ಸಿಸ್ಟರ್ ರೇಡಿಯೋವನ್ನು ಮಧ್ಯಮ ಅಲೆಯ ಯಾವುದಾದರೊಂದು ದೂರದ ನಿಲಯಕ್ಕೆ ಹೊಂದಿಸಿ, ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿದರೆ ಹಾಡು ತುಸು ಮಂದವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಮರದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೂ ಅಷ್ಟೆ. ಆದರೆ ಅಡುಗೆಮನೆಯಲ್ಲಿ ತಿಂಡಿ ಕಟ್ಟಲು ಬಳಸುವ ಅಲ್ಯುಮಿನಿಯಮ್ ಹಾಳೆಯನ್ನು ಎಲ್ಲಿಯೂ ಸಂದಿಲ್ಲದಂತೆ ಸುತ್ತಿದೆವೆಂದರೆ ಹಾಡು ಅಡಗಿ, ಬರಿಯ ಕರಕರ ಶಬ್ದ ಉಳಿಯುತ್ತದೆ. ಆ ಹಾಳೆಯ ದಪ್ಪವಾದರೂ ಎಷ್ಟು? ಸುಮಾರು 0.012 ಮಿಲಿಮೀಟರ್, ನಮ್ಮ ತಲೆಗೂದಲು ಅದರ ಹಲವು ಪಟ್ಟು ದಪ್ಪ. ಇಟ್ಟಿಗೆಯ ಗೋಡೆಯನ್ನು ದಾಟಿ ಬಂದ ಅಲೆ ಈ ತೆಳು ಹಾಳೆಯ ಮುಂದೆ ಸೋತದ್ದೇಕೆ?

‘ಲೋಹವು ರೇಡಿಯೋ ಅಲೆಗಳನ್ನು ತಡೆಯುತ್ತದೆ’ ಎಂಬ ಉತ್ತರ ಸಾಲದು. ಏಕೆಂದರೆ, ಇದೇ ಹಾಳೆಯನ್ನು ಮನೆಯ ವಿದ್ಯುತ್ತಿನಿಂದ ನಡೆಯುವ ಒಂದು ಟ್ರಾನ್ಸ್‌ಫಾರ್ಮರಿಗೆ ಸುತ್ತಿ ನೋಡಿದರೆ, ಅದರಿಂದ ಹೊರಸೂಸುವ ಕಾಂತಕ್ಷೇತ್ರವು ಹಾಳೆ ಇಲ್ಲವೇ ಇಲ್ಲವೆಂಬಂತೆ ಹೊರಗೆ ಬರುತ್ತದೆ. ಲೋಹ ಒಂದೇ, ದಪ್ಪ ಒಂದೇ. ಆದರೂ ಒಂದನ್ನು ತಡೆಯಿತು, ಇನ್ನೊಂದನ್ನು ಬಿಟ್ಟುಕೊಟ್ಟಿತು. ಈ ವ್ಯತ್ಯಾಸದ ಗುಟ್ಟನ್ನು ಬಿಡಿಸಬೇಕಾದರೆ ಅಲೆಯೊಡನೆ ನಾವೂ ಲೋಹದೊಳಕ್ಕೆ ಇಳಿಯಬೇಕು.

ವಿದ್ಯುತ್ಕಾಂತ ಅಲೆಯೆಂದರೆ ಒಂದರೊಡನೊಂದು ಹೆಣೆದುಕೊಂಡು ಸಾಗುವ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳು. ಇವೆರಡೂ ಎಡೆಬಿಡದೆ ಬದಲಾಗುತ್ತಿರುತ್ತವೆ. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆಂಬುದನ್ನು ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟನು. ಹಾಗೆ ಹುಟ್ಟಿದ ಪ್ರವಾಹ ಸುಮ್ಮನಿರುವುದಿಲ್ಲ. ತನ್ನದೇ ಆದ ಕಾಂತಕ್ಷೇತ್ರವನ್ನು ಉಂಟುಮಾಡಿ, ತನ್ನನ್ನು ಹುಟ್ಟಿಸಿದ ಬದಲಾವಣೆಗೇ ಎದುರು ನಿಲ್ಲುತ್ತದೆ. ಆದಕಾರಣ ಲೋಹದ ಮೊದಲ ಪದರವನ್ನು ದಾಟಿದ ಕ್ಷೇತ್ರವು ಆಗಲೇ ಸ್ವಲ್ಪ ಕುಗ್ಗಿರುತ್ತದೆ. ಎರಡನೆಯ ಪದರದಲ್ಲಿಯೂ ಇದೇ ಕಥೆ. ಪ್ರತಿಯೊಂದು ಪದರವೂ ತನಗೆ ಬಂದುದರಲ್ಲಿ ಒಂದೇ ಪ್ರಮಾಣದ ಪಾಲನ್ನು ಕಳೆದು, ಉಳಿದುದನ್ನು ಮುಂದಕ್ಕೆ ಕಳುಹಿಸುತ್ತದೆ.

ಹೀಗೆ ಇಳಿಯುತ್ತ ಹೋದಾಗ ಕ್ಷೇತ್ರದ ಬಲವು ಮೇಲ್ಮೈಯಲ್ಲಿದ್ದುದರ ನೂರಕ್ಕೆ 37ರಷ್ಟಾಗುವ ಆಳಕ್ಕೆ ಇಂಗ್ಲಿಷಿನಲ್ಲಿ ‘ಸ್ಕಿನ್ ಡೆಪ್ತ್’ ಎಂದು ಹೆಸರು. ನಾವು ಇದನ್ನು ‘ಚರ್ಮದಾಳ’ ಎಂದು ಕರೆಯೋಣ. ಎರಡು ಚರ್ಮದಾಳ ಇಳಿದರೆ ನೂರಕ್ಕೆ 14, ಮೂರು ಇಳಿದರೆ 5. ಐದು ಇಳಿಯುವ ವೇಳೆಗೆ ಒಂದು ಪಾಲೂ ಉಳಿಯುವುದಿಲ್ಲ. ವೇಗವಾಗಿ ಬದಲಾಗುವ ಪ್ರವಾಹಗಳು ವಾಹಕದ ಹೊರಚರ್ಮದಲ್ಲಿಯೇ ಹರಿಯುತ್ತವೆಂಬ ಸಂಗತಿಯನ್ನು ಹೊರೇಸ್ ಲ್ಯಾಂಬ್ 1883ರಲ್ಲಿ ಗೋಳಾಕಾರದ ವಾಹಕಗಳಿಗೆ ಲೆಕ್ಕಹಾಕಿ ತೋರಿಸಿದನು. ಆಲಿವರ್ ಹೆವಿಸೈಡ್ 1885ರಲ್ಲಿ ಅದನ್ನು ಎಲ್ಲ ಆಕಾರದ ವಾಹಕಗಳಿಗೂ ವಿಸ್ತರಿಸಿದನು.

ಚರ್ಮದಾಳವನ್ನು ಕಂಡುಹಿಡಿಯುವ ಸೂತ್ರ ಸರಳವಾದುದು:

δ = √(ρ / (π f μ))

ಇಲ್ಲಿ ρ ಎಂಬುದು ಲೋಹದ ರೋಧಕತೆ, f ಎಂಬುದು ಅಲೆ ಸೆಕೆಂಡಿಗೆ ಎಷ್ಟು ಸಲ ಆಂದೋಲಿಸುತ್ತದೆಂಬ ಸಂಖ್ಯೆ, μ ಎಂಬುದು ಲೋಹದ ಕಾಂತಗುಣವನ್ನು ತಿಳಿಸುವ ಅಂಕ. ಆಂದೋಲನ ವೇಗವಾದಷ್ಟೂ ಪ್ರೇರಿತ ಪ್ರವಾಹ ಬಲವಾಗುತ್ತದೆ, ಅಲೆ ಇಳಿಯುವ ಆಳ ಕಡಿಮೆಯಾಗುತ್ತದೆ. ಆಂದೋಲನ ನೂರು ಪಟ್ಟಾದರೆ ಆಳವು ಹತ್ತರಲ್ಲೊಂದು ಪಾಲಾಗುತ್ತದೆ.

ನಮ್ಮ ಹಾಳೆಗೆ ಈ ಲೆಕ್ಕವನ್ನು ಹಚ್ಚೋಣ. ಅಲ್ಯುಮಿನಿಯಮ್ಮಿನ ರೋಧಕತೆ 2.65 × 10⁻⁸ ಓಮ್-ಮೀಟರ್; ಅದಕ್ಕೆ ಹೇಳಿಕೊಳ್ಳುವಂಥ ಕಾಂತಗುಣವಿಲ್ಲವಾದುದರಿಂದ μ ಬೆಲೆ ನಿರ್ವಾತಕ್ಕಿರುವ 4π × 10⁻⁷. ಮಧ್ಯಮ ಅಲೆಯ ನಿಲಯವೊಂದು ಸೆಕೆಂಡಿಗೆ 10 ಲಕ್ಷ ಸಲ ಆಂದೋಲಿಸುತ್ತದೆಂದು ಇಟ್ಟುಕೊಂಡರೆ ಚರ್ಮದಾಳ 0.082 ಮಿಲಿಮೀಟರ್. ಮನೆಯ ವಿದ್ಯುತ್ತಿಗಾದರೋ ಆಂದೋಲನ ಸೆಕೆಂಡಿಗೆ 50 ಮಾತ್ರ. ಅಲ್ಲಿ ಚರ್ಮದಾಳ 11.6 ಮಿಲಿಮೀಟರ್, ಎಂದರೆ ಒಂದು ಸೆಂಟಿಮೀಟರಿಗೂ ಮಿಗಿಲು.

ಈ ಅಂಕೆಗಳೊಳಗೆ ಒಂದು ವಿಸ್ಮಯ ಅಡಗಿದೆ. ಗಾಳಿಯಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಅಲೆ ಲೋಹದೊಳಗೆ ಎಷ್ಟು ವೇಗದಲ್ಲಿ ಸಾಗುತ್ತದೆ? ಚರ್ಮದಾಳವನ್ನು 2πf ಇಂದ ಗುಣಿಸಿದರೆ ಆ ವೇಗ ದೊರೆಯುತ್ತದೆ. ಅಲ್ಯುಮಿನಿಯಮ್ಮಿನೊಳಗೆ ನಮ್ಮ ರೇಡಿಯೋ ಅಲೆಯ ನಡಿಗೆ ಸೆಕೆಂಡಿಗೆ ಸುಮಾರು 515 ಮೀಟರ್. 50 ಆಂದೋಲನದ ಅಲೆಗೆ 3.6 ಮೀಟರ್ ಮಾತ್ರ. ಓಡುವ ಹುಡುಗನೊಬ್ಬನು ಅದನ್ನು ಹಿಂದೆ ಹಾಕಿಯಾನು! ಪ್ರತಿ ಹೆಜ್ಜೆಗೂ ಪ್ರವಾಹಗಳು ಅಡ್ಡಬರುವುದರಿಂದ ಅಲೆಯು ಕೆಸರಿನಲ್ಲಿ ಕಾಲಿಟ್ಟಂತೆ ತೆವಳುತ್ತ, ತೆವಳುತ್ತಲೇ ಕ್ಷೀಣಿಸುತ್ತದೆ.

ಹಾಗಾದರೆ ಅಲೆ ಹೊತ್ತು ತಂದ ಶಕ್ತಿಯೆಲ್ಲ ಲೋಹದಲ್ಲಿ ಶಾಖವಾಗಿ ಕರಗಿಹೋಗುವುದೇ? ಇಲ್ಲ. ಮೇಲ್ಮೈಯಲ್ಲಿ ಎದ್ದ ಪ್ರವಾಹವು ತಾನೇ ಒಂದು ಪ್ರೇಷಕದಂತೆ ವರ್ತಿಸಿ, ಬಂದ ದಿಕ್ಕಿಗೇ ಅಲೆಯನ್ನು ಹಿಂದಿರುಗಿಸುತ್ತದೆ. ದಪ್ಪನೆಯ ಅಲ್ಯುಮಿನಿಯಮ್ ಫಲಕದ ಮೇಲೆ ನೇರವಾಗಿ ಬಂದೆರಗುವ ನಮ್ಮ ರೇಡಿಯೋ ಅಲೆಯ ಶಕ್ತಿಯಲ್ಲಿ ಲೋಹವು ನುಂಗುವುದು ಹತ್ತು ಲಕ್ಷದಲ್ಲಿ ಮೂರು ಪಾಲು ಮಾತ್ರ, ಮಿಕ್ಕುದೆಲ್ಲ ಪ್ರತಿಫಲನವಾಗುತ್ತದೆ. ಆದುದರಿಂದ ಲೋಹದ ರಕ್ಷಾಕವಚವು ಅಲೆಯನ್ನು ಹೀರುವ ಸ್ಪಂಜಿಗಿಂತ ಬೆಳಕನ್ನು ಹಿಂದಟ್ಟುವ ಕನ್ನಡಿಗೆ ಹತ್ತಿರವಾದುದು.

ಇಷ್ಟನ್ನು ಓದಿದ ಜಾಣ ವಿದ್ಯಾರ್ಥಿಯು ಇಲ್ಲೊಂದು ಆಕ್ಷೇಪವನ್ನು ಎತ್ತಬೇಕು. ‘ಚರ್ಮದಾಳ 0.082 ಮಿಲಿಮೀಟರ್ ಎಂದಿರಿ. ಹಾಳೆಯ ದಪ್ಪ 0.012. ಎಂದರೆ ಹಾಳೆ ಚರ್ಮದಾಳದ ಸುಮಾರು ಏಳರಲ್ಲೊಂದು ಪಾಲು ಮಾತ್ರ. ಅಷ್ಟು ದೂರ ಇಳಿಯುವುದರಲ್ಲಿ ಕ್ಷೇತ್ರವು ನೂರಕ್ಕೆ 86ಕ್ಕೆ ಇಳಿದೀತು, ಅಷ್ಟೆ. ಮತ್ತೆ ರೇಡಿಯೋ ಮೌನವಾದದ್ದು ಹೇಗೆ?’

ಆಕ್ಷೇಪ ನ್ಯಾಯವಾದುದೇ. ಉತ್ತರವು ಹಾಳೆಯ ದಪ್ಪದಲ್ಲಿಲ್ಲ, ಅದು ರೇಡಿಯೋವನ್ನು ಸುತ್ತುವರಿದಿರುವುದರಲ್ಲಿ ಇದೆ. ಮಧ್ಯಮ ಅಲೆಯ ರೇಡಿಯೋದೊಳಗೆ ಫೆರೈಟ್ ಕಡ್ಡಿಯ ಮೇಲೆ ಸುತ್ತಿದ ಸುರುಳಿಯೊಂದು ಅಲೆಯ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಸುತ್ತಲೂ ಮುಚ್ಚಿದ ಹಾಳೆಯು ತುದಿಗಳನ್ನು ಕೂಡಿಸಿದ ಒಂದು ದೊಡ್ಡ ಸುರುಳಿಯಿದ್ದಂತೆ. ಪ್ರವಾಹವು ಅದರ ಸುತ್ತಳತೆಯುದ್ದಕ್ಕೂ ಸುತ್ತಿ ಸುತ್ತಿ ಹರಿದು, ಒಳಗಿನ ಇಡೀ ಅವಕಾಶದಲ್ಲಿ ಹೊರಗಿನ ಕ್ಷೇತ್ರಕ್ಕೆ ವಿರುದ್ಧವಾದ ಕ್ಷೇತ್ರವನ್ನು ನಿಲ್ಲಿಸುತ್ತದೆ. ಪೆಟ್ಟಿಗೆ ದೊಡ್ಡದಾದಷ್ಟೂ ಅದರ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚು, ಈ ಪ್ರವಾಹವೂ ಬಲವಾದುದು.

ಪೊಳ್ಳು ಗೋಳವೊಂದಕ್ಕೆ ಈ ಲೆಕ್ಕವನ್ನು ಮಾಡಿದರೆ ಸುಲಭವಾದ ಒಂದು ಸಂಖ್ಯೆ ಸಿಗುತ್ತದೆ. ತಗಡಿನ ದಪ್ಪ t, ಗೋಳದ ತ್ರಿಜ್ಯ a ಆದರೆ,

N = 2ta / (3δ²)

ತಗಡು ಚರ್ಮದಾಳಕ್ಕಿಂತ ತೆಳುವಾಗಿರುವಾಗ ಇದನ್ನು ಬಳಸಬಹುದು. N ಒಂದಕ್ಕಿಂತ ಬಹಳ ದೊಡ್ಡದಾಗಿದ್ದರೆ ಒಳಗಿನ ಕ್ಷೇತ್ರವು ಹೊರಗಿನದರ N ಪಾಲಿನಲ್ಲಿ ಒಂದು ಪಾಲಾಗುತ್ತದೆ. ಬಹಳ ಚಿಕ್ಕದಾಗಿದ್ದರೆ ಕವಚವು ಇದ್ದೂ ಇಲ್ಲದಂತೆ. ನಮ್ಮ ಸುತ್ತಿದ ರೇಡಿಯೋವನ್ನು 5 ಸೆಂಟಿಮೀಟರ್ ತ್ರಿಜ್ಯದ ಗೋಳವೆಂದು ಭಾವಿಸೋಣ. ಆಗ N ಸುಮಾರು 60. ಕ್ಷೇತ್ರವು ಅರವತ್ತರಲ್ಲೊಂದು ಪಾಲಿಗೆ ಇಳಿಯಿತು. ದೂರದ ನಿಲಯ ಅಡಗಿತು. ಅದೇ ಊರಿನಲ್ಲಿರುವ ಪ್ರಬಲ ನಿಲಯವಾದರೆ ಆ ಅರವತ್ತರಲ್ಲೊಂದು ಪಾಲೂ ರೇಡಿಯೋಗೆ ಸಾಕಾಗಬಹುದು. ದೂರದ ನಿಲಯವನ್ನೇ ಆರಿಸಿಕೊಳ್ಳಬೇಕೆಂದು ಹೇಳಿದುದು ಇದಕ್ಕಾಗಿ. ಇನ್ನು 50 ಆಂದೋಲನದ ಕ್ಷೇತ್ರಕ್ಕೆ ಇದೇ ಹಾಳೆಯ N ಕೇವಲ 0.003. ಟ್ರಾನ್ಸ್‌ಫಾರ್ಮರಿನ ಕ್ಷೇತ್ರವು ಹಾಳೆಯನ್ನು ಲೆಕ್ಕಿಸದೆ ಹಾಯ್ದುಹೋಗುವುದು ಇನ್ನು ಆಶ್ಚರ್ಯವೆನಿಸದು.

ಅಂಥ ನಿಧಾನದ ಕಾಂತಕ್ಷೇತ್ರಕ್ಕೆ ಕಬ್ಬಿಣವೇ ಮದ್ದು. ಕಬ್ಬಿಣವು ಅಲ್ಯುಮಿನಿಯಮ್ಮಿಗಿಂತ ಕೆಳಮಟ್ಟದ ವಾಹಕ, ನಿಜ. ಆದರೆ ಅದರ μ ನೂರಾರು ಪಟ್ಟು ಹೆಚ್ಚು. ಸಾಧಾರಣ ಉಕ್ಕಿನಲ್ಲಿ 50 ಆಂದೋಲನಕ್ಕೆ ಚರ್ಮದಾಳವು ಒಂದೆರಡು ಮಿಲಿಮೀಟರಿನ ಆಸುಪಾಸಿಗೆ ಬಂದುಬಿಡುತ್ತದೆ. ಅದಲ್ಲದೆ ಕಬ್ಬಿಣವು ಕಾಂತರೇಖೆಗಳನ್ನು ತನ್ನ ಮೈಯೊಳಗೇ ಎಳೆದುಕೊಂಡು ಬಳಸಿ ಸಾಗಿಸುತ್ತದೆ. ಈ ಕೆಲಸಕ್ಕೆ ಆಂದೋಲನವೇ ಬೇಕಿಲ್ಲ. ನಿಕ್ಕೆಲ್ ಹೆಚ್ಚಾಗಿ ಬೆರೆತ ‘ಮ್ಯೂ-ಮೆಟಲ್’ ಎಂಬ ಮಿಶ್ರಲೋಹದಲ್ಲಿ ಈ ಗುಣ ಇನ್ನೂ ಪ್ರಬಲ.

ಕವಚವು ಕೈಕೊಡುವುದು ಬಹುಮಟ್ಟಿಗೆ ದಪ್ಪ ಸಾಲದೆ ಅಲ್ಲ, ಸಂದು ಉಳಿದು. ಪ್ರವಾಹ ಸುತ್ತಿ ಹರಿಯುವ ದಾರಿಗೆ ಅಡ್ಡಲಾಗಿ ಹಾಳೆಯ ಅಂಚುಗಳು ಒಂದನ್ನೊಂದು ಮುಟ್ಟದಿದ್ದರೆ ಸುರುಳಿ ಕಡಿದುಹೋದಂತಾಯಿತು. ಅದು ಉಂಟುಮಾಡುತ್ತಿದ್ದ ವಿರುದ್ಧ ಕ್ಷೇತ್ರವೂ ಹೋಯಿತು. ಅಲ್ಯುಮಿನಿಯಮ್ಮಿನ ಮೇಲೆ ಸದಾ ಇರುವ ಆಕ್ಸೈಡಿನ ತೆಳುಪೊರೆ ವಿದ್ಯುತ್ತನ್ನು ಹಾಯಗೊಡದು. ಅಂಚಿನ ಮೇಲೆ ಅಂಚನ್ನು ಸುಮ್ಮನೆ ಹೊದಿಸದೆ, ಎರಡು ಮೂರು ಸಲ ಮಡಿಸಿ ಒತ್ತಿದರೆ ಪೊರೆ ಅಲ್ಲಲ್ಲಿ ಒಡೆದು ಲೋಹಕ್ಕೆ ಲೋಹ ತಾಗುತ್ತದೆ. ಕಿವಿಗಿಡುವ ಫೋನಿನ ತಂತಿಯನ್ನು ಹೊರಗೆ ಎಳೆದರಂತೂ ಆ ತಂತಿಯೇ ಅಲೆಯನ್ನು ಒಳಕ್ಕೆ ಕರೆತರುವ ದಾರಿಯಾಗುತ್ತದೆ.

ಮೊಬೈಲ್ ಫೋನಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸೆಕೆಂಡಿಗೆ 90 ಕೋಟಿ ಆಂದೋಲನದ ಅಲೆಗೆ ಅಲ್ಯುಮಿನಿಯಮ್ಮಿನ ಚರ್ಮದಾಳ 0.003 ಮಿಲಿಮೀಟರಿಗೂ ಕಡಿಮೆ. ನಮ್ಮ ಹಾಳೆ ಅದರ ನಾಲ್ಕು ಪಟ್ಟು ದಪ್ಪ. ಲೋಹದ ಮೂಲಕ ಅಲೆ ಬರುವ ಮಾತೇ ಇಲ್ಲ. ಆದರೂ ಸುತ್ತಿದ ಫೋನು ಕೆಲವೊಮ್ಮೆ ಗಂಟೆ ಬಾರಿಸುತ್ತದೆ. ಗಾಳಿಯಲ್ಲಿ ಈ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಅರ್ಧದಷ್ಟು ಉದ್ದದ ಸೀಳು ಎಷ್ಟೇ ಕಿರಿದಾಗಿದ್ದರೂ ಅಲೆಗೆ ತೆರೆದ ಬಾಗಿಲು. ಅದಕ್ಕಿಂತ ಚಿಕ್ಕ ಸೀಳಿನಲ್ಲಿ ನುಸುಳುವ ಅಲ್ಪಾಂಶವೂ ಫೋನಿನ ಅತಿಸೂಕ್ಷ್ಮ ಗ್ರಾಹಕಕ್ಕೆ ಸಾಕಾಗಬಹುದು. ಆದುದರಿಂದ ಫೋನು ಮೊಳಗಿತೆಂದರೆ ಇನ್ನೊಂದು ಸುತ್ತು ಹಾಳೆಯನ್ನು ಹೊದಿಸುವುದಕ್ಕೆ ಮೊದಲು ಮಡಿಕೆಗಳನ್ನು ಪರೀಕ್ಷಿಸಬೇಕು.

ವಾಲ್ವುಗಳಿದ್ದ ಹಳೆಯ ರೇಡಿಯೋವೊಂದು ಕೈಗೆ ಸಿಕ್ಕಿದರೆ, ಅದರ ತಂತಿಯನ್ನು ವಿದ್ಯುತ್ತಿನಿಂದ ಬಿಡಿಸಿಟ್ಟು ಹಿಂದಿನ ಹಲಗೆಯನ್ನು ತೆಗೆದು ನೋಡಿ. ಒಳಗಿನ ಬಿಡಿಭಾಗಗಳನ್ನು ಮುಟ್ಟಬೇಡಿ. ಸೆಕೆಂಡಿಗೆ 4,55,000 ಆಂದೋಲನಗಳಿಗೆ ಹೊಂದಿಸಿದ ಸುರುಳಿಗಳ ಮೇಲೆ ಹಗುರವಾದ ಅಲ್ಯುಮಿನಿಯಮ್ ಡಬ್ಬಿಗಳು ಕಾಣುತ್ತವೆ. ಅಲ್ಲಿ ಚರ್ಮದಾಳ 0.12 ಮಿಲಿಮೀಟರ್, ತಗಡು ಅರ್ಧ ಮಿಲಿಮೀಟರಿದ್ದರೂ ನಾಲ್ಕು ಚರ್ಮದಾಳವಾಯಿತು. 50 ಆಂದೋಲನದ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಅಂಥ ಡಬ್ಬಿಯನ್ನು ತೊಡಿಸಿ ಫಲವಿಲ್ಲ. ಅದಕ್ಕೆ ಮುಚ್ಚಳವಿದ್ದರೆ ಅದು ಕಬ್ಬಿಣದ್ದು.